‘ಜೀವಕ್ರಿಯೆಗಳು’ ಅಧ್ಯಾಯದ ಪುನರಾವರ್ತನೆಗೆ ಕೋಷ್ಟಕ, ಹರಿವಿನ ನಕ್ಷೆ ಮತ್ತು ಪರಿಕಲ್ಪನಾ ನಕ್ಷೆ: ಒಂದು ಸಮಗ್ರ ಮಾರ್ಗದರ್ಶಿ

ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ಜೀವಕ್ರಿಯೆಗಳು’ ಅಧ್ಯಾಯವನ್ನು ಮಕ್ಕಳು ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಪಾಠಗಳಂತೆ ಓದುತ್ತಾರೆ. ಪೋಷಣೆ ಒಂದು, ಉಸಿರಾಟ ಇನ್ನೊಂದು, ಸಾಗಾಣಿಕೆ ಮತ್ತೊಂದು, ಕೊನೆಯಲ್ಲಿ ವಿಸರ್ಜನೆ. ಸಣ್ಣ ಕರುಳಿನಲ್ಲಿ ಹೀರಲ್ಪಟ್ಟ ಗ್ಲುಕೋಸ್ ಮುಂದೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ‘ರಕ್ತಕ್ಕೆ’ ಎನ್ನುವವರೆಗೆ ಉತ್ತರ ಬರುತ್ತದೆ. ಅದೇ ಗ್ಲುಕೋಸ್ ಉಸಿರಾಟದ ಭಾಗದಲ್ಲಿ ಪೈರುವೇಟ್ ಆಗಿ ಒಡೆಯುವ ಗ್ಲುಕೋಸ್ ಎಂಬುದು ಮಾತ್ರ ಹೊಳೆಯುವುದಿಲ್ಲ. ಸಾಲುಸಾಲಾಗಿ ಓದುವ ಪಠ್ಯದಲ್ಲಿ ಈ ಎರಡು ಸಂಗತಿಗಳ ನಡುವೆ ಹಲವು ಪುಟಗಳ ಅಂತರವಿರುತ್ತದೆ, ಆದರೆ ಒಂದೇ ಹಾಳೆಯ ಮೇಲೆ ಅವುಗಳ ನಡುವೆ ಇರುವುದು ಒಂದು ಗೆರೆಯಷ್ಟೇ. ಆ ಗೆರೆಯನ್ನು ಎಳೆಯುವುದು ಹೇಗೆ, ಅದರ ಮೇಲೆ ಏನು ಬರೆಯಬೇಕು, ಬರೆದದ್ದು ಸರಿಯೇ ಎಂದು ತಿಳಿಯುವುದು ಹೇಗೆ ಎಂಬುದನ್ನು ಈ ಅಧ್ಯಾಯದ ಉಸಿರಾಟ ಮತ್ತು ಸಾಗಾಣಿಕೆಯ ಭಾಗಗಳನ್ನು ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಗೋಡೆ ಕ್ಯಾಲೆಂಡರಿನ ಹಳೆಯ ಹಾಳೆಗಳ ಖಾಲಿ ಹಿಂಬದಿ, ಪೆನ್ಸಿಲ್, ರಬ್ಬರ್, ಒಂದು ಕೆಂಪು ಪೆನ್ನು ಮತ್ತು ರಫ್ ನೋಟಿನಿಂದ ಹರಿದು ಮಾಡಿದ ಸಣ್ಣ ಚೀಟಿಗಳು ಸಾಕು. ಬಣ್ಣದ ಸ್ಕೆಚ್ ಪೆನ್ನುಗಳನ್ನು ನಾನು ಬೇಕೆಂದೇ ದೂರ ಇಡಿಸುತ್ತೇನೆ. ಅವು ಕೈಗೆ ಬಂದ ಕೂಡಲೇ ಹೃದಯದ ಚಿತ್ರ ಅಂದವಾಗತೊಡಗುತ್ತದೆ, ರಕ್ತ ಮಾತ್ರ ಎಲ್ಲಿಗೂ ಹರಿಯುವುದಿಲ್ಲ.

ಮೊದಲ ಹೆಜ್ಜೆ: ಪಠ್ಯ ಏನು ಮಾಡುತ್ತಿದೆ ಎಂದು ಗುರುತಿಸುವುದು

ಗ್ರಾಫಿಕ್ ಆರ್ಗನೈಸರ್ ಎಂದರೆ ಮಾಹಿತಿಯ ನಡುವಿನ ಸಂಬಂಧವನ್ನು ಕಣ್ಣಿಗೆ ಕಾಣುವ ಆಕಾರಕ್ಕೆ ತಂದ ಯಾವುದೇ ಚಿತ್ರರೂಪ. ಕೋಷ್ಟಕವೂ ಅದರಲ್ಲಿ ಸೇರುತ್ತದೆ, ಹರಿವಿನ ನಕ್ಷೆಯೂ ಸೇರುತ್ತದೆ, ಪರಿಕಲ್ಪನಾ ನಕ್ಷೆಯೂ ಸೇರುತ್ತದೆ. ಯಾವ ಭಾಗಕ್ಕೆ ಯಾವ ಆಕಾರ ಎಂಬುದನ್ನು ನಮ್ಮ ಇಷ್ಟ ತೀರ್ಮಾನಿಸಬಾರದು, ಪಠ್ಯದ ಸ್ವಭಾವವೇ ತೀರ್ಮಾನಿಸಬೇಕು.

ಆದ್ದರಿಂದ ಮೊದಲು ಅಧ್ಯಾಯವನ್ನು ಒಮ್ಮೆ ಓದಿ, ಪ್ರತಿ ಪ್ಯಾರಾದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಅಕ್ಷರ ಬರೆಯಿರಿ. ಎರಡು ವಸ್ತುಗಳನ್ನು ಎದುರುಬದುರು ಇಟ್ಟು ಹೇಳುವ ಪ್ಯಾರಾಗೆ ‘ಹೋ’, ಅಂದರೆ ಹೋಲಿಕೆ. ಒಂದಾದ ಮೇಲೊಂದು ನಡೆಯುವುದನ್ನು ಹೇಳುವ ಪ್ಯಾರಾಗೆ ‘ಕ್ರ’, ಅಂದರೆ ಕ್ರಮ. ಒಂದರಿಂದ ಇನ್ನೊಂದು ಏಕೆ ಆಗುತ್ತದೆ, ಯಾವುದು ಯಾವುದಕ್ಕೆ ಆಧಾರ ಎಂದು ಹೇಳುವ ಪ್ಯಾರಾಗೆ ‘ಸಂ’, ಅಂದರೆ ಸಂಬಂಧ. ಅಪಧಮನಿ ಮತ್ತು ಅಭಿಧಮನಿಗಳ ಪ್ಯಾರಾ ‘ಹೋ’. ಹೃದಯದ ಕೋಣೆಗಳ ಮೂಲಕ ರಕ್ತ ಸಾಗುವ ಪ್ಯಾರಾ ‘ಕ್ರ’. ದೇಹ ದೊಡ್ಡದಾದ ಜೀವಿಗಳಲ್ಲಿ ಬರೀ ವಿಸರಣೆಯಿಂದ ಎಲ್ಲ ಕೋಶಗಳಿಗೂ ಆಕ್ಸಿಜನ್ ಮುಟ್ಟಿಸಲು ಸಾಧ್ಯವಾಗದೆ ಹಿಮೋಗ್ಲೋಬಿನ್‌ನಂತಹ ವರ್ಣಕ ಬೇಕಾಯಿತು ಎನ್ನುವ ಪ್ಯಾರಾ ‘ಸಂ’. ‘ಹೋ’ ಕೋಷ್ಟಕಕ್ಕೆ, ‘ಕ್ರ’ ಹರಿವಿನ ನಕ್ಷೆಗೆ, ‘ಸಂ’ ಪರಿಕಲ್ಪನಾ ನಕ್ಷೆಗೆ ಹೋಗುತ್ತವೆ. ಇಡೀ ಅಧ್ಯಾಯಕ್ಕೆ ಈ ಗುರುತು ಹಾಕಲು ಅರ್ಧ ಗಂಟೆ ಸಾಕು.

ಆಕಾರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತರಗತಿಯಲ್ಲಿ ಹಲವು ಸಲ ಕಂಡಿದ್ದೇನೆ. ರಕ್ತದ ಹಾದಿಯನ್ನು ಒಬ್ಬಳು ಕೋಷ್ಟಕ ಮಾಡಿದ್ದಳು. ಎಡಗಡೆ ಕೋಣೆಯ ಹೆಸರು, ಬಲಗಡೆ ಅದರ ಕೆಲಸ. ಪ್ರತಿಯೊಂದು ಸಾಲೂ ಸರಿಯಾಗಿತ್ತು. ಆದರೆ ಬಲ ಹೃತ್ಕುಕ್ಷಿಯಿಂದ ಹೊರಟ ರಕ್ತ ಮತ್ತೆ ಹೃದಯಕ್ಕೆ ಬರುತ್ತದೆಯೋ ಇಲ್ಲವೋ ಎಂದು ಕೇಳಿದಾಗ ಕೋಷ್ಟಕದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಕೋಷ್ಟಕಕ್ಕೆ ದಿಕ್ಕು ಎಂಬುದಿಲ್ಲ.

ಎರಡನೆಯ ಹೆಜ್ಜೆ: ಹೋಲಿಕೆಗೆ ಮೂರು ಕಂಬಸಾಲಿನ ಕೋಷ್ಟಕ

ಅಪಧಮನಿ ಮತ್ತು ಅಭಿಧಮನಿಗಳ ವ್ಯತ್ಯಾಸವನ್ನು ಎರಡು ಕಂಬಸಾಲುಗಳಲ್ಲಿ ಬರೆಯುವುದು ವಾಡಿಕೆ. ಅದಕ್ಕೆ ‘ಏಕೆ’ ಎಂಬ ಮೂರನೆಯ ಕಂಬಸಾಲನ್ನು ಸೇರಿಸಿದರೆ ಅದೇ ಕೋಷ್ಟಕ ಬಾಯಿಪಾಠದ ಪಟ್ಟಿಯಾಗದೆ ಓದುವ ಸಾಮಗ್ರಿಯಾಗುತ್ತದೆ.

| ಆಧಾರ | ಅಪಧಮನಿ | ಅಭಿಧಮನಿ | ಏಕೆ |
|---|---|---|---|
| ರಕ್ತದ ದಿಕ್ಕು | ಹೃದಯದಿಂದ ಹೊರಕ್ಕೆ | ಹೃದಯದ ಕಡೆಗೆ | ಇದೇ ವ್ಯಾಖ್ಯೆ, ಕಾರಣ ಬೇಕಿಲ್ಲ |
| ಒತ್ತಡ | ಹೆಚ್ಚು | ಕಡಿಮೆ | ಹೃತ್ಕುಕ್ಷಿ ನೂಕಿದ ರಕ್ತ ನೇರವಾಗಿ ಬರುವುದು ಅಪಧಮನಿಗೆ |
| ಗೋಡೆ | ದಪ್ಪ, ಸ್ಥಿತಿಸ್ಥಾಪಕ | ತೆಳು | ಒತ್ತಡ ತಾಳಬೇಕಾದದ್ದು ಅಪಧಮನಿ |
| ಕವಾಟ | ನಾಳದ ಉದ್ದಕ್ಕೂ ಇಲ್ಲ | ಇದೆ | ಒತ್ತಡ ಕಡಿಮೆ ಇರುವಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯಬೇಕು |

ಇಲ್ಲಿ ಗಮನಿಸಬೇಕಾದದ್ದು ಮೊದಲ ಸಾಲು. ಹೆಚ್ಚಿನ ನೋಟ್ಸ್‌ಗಳಲ್ಲಿ ಮೊದಲ ಸಾಲಾಗಿ ‘ಅಪಧಮನಿ ಆಕ್ಸಿಜನ್‌ಯುಕ್ತ ರಕ್ತವನ್ನು ಒಯ್ಯುತ್ತದೆ, ಅಭಿಧಮನಿ ಆಕ್ಸಿಜನ್‌ರಹಿತ ರಕ್ತವನ್ನು ಒಯ್ಯುತ್ತದೆ’ ಎಂದಿರುತ್ತದೆ. ಹಾಗೆ ಬರೆದ ಮಗು ಪುಪ್ಫುಸ ಅಪಧಮನಿಯ ಬಳಿ ಬಂದಾಗ ಸಿಕ್ಕಿಬೀಳುತ್ತದೆ, ಏಕೆಂದರೆ ಅದು ಒಯ್ಯುವುದು ಆಕ್ಸಿಜನ್‌ರಹಿತ ರಕ್ತವನ್ನು. ಆಗ ಅದನ್ನು ‘ಅಪವಾದ’ ಎಂದು ಬೇರೆ ಬಾಯಿಪಾಠ ಮಾಡಬೇಕಾಗುತ್ತದೆ. ದಿಕ್ಕನ್ನೇ ಮೊದಲ ಆಧಾರವಾಗಿ ಇಟ್ಟುಕೊಂಡರೆ ಅಪವಾದ ಎಂಬುದೇ ಉಳಿಯುವುದಿಲ್ಲ. ಹೃದಯದಿಂದ ಹೊರಕ್ಕೆ ಹೊರಟದ್ದು ಅಪಧಮನಿ, ಅಷ್ಟೇ. ಕೋಷ್ಟಕದ ಆಧಾರಗಳನ್ನು ಆರಿಸುವಾಗ ಹೀಗೆ ‘ಈ ಸಾಲಿಗೆ ಅಪವಾದವಿದೆಯೇ’ ಎಂದು ಕೇಳಿಕೊಳ್ಳಬೇಕು. ಅಪವಾದವಿದ್ದರೆ ಆ ಸಾಲನ್ನು ಕೆಳಕ್ಕೆ ತಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು.

ಕೋಷ್ಟಕ ನಾಲ್ಕೈದು ಸಾಲುಗಳನ್ನು ಮೀರದಿರಲಿ. ವಾಯುವಿಕ ಮತ್ತು ಅವಾಯುವಿಕ ಉಸಿರಾಟ, ಕ್ಸೈಲಂ ಮತ್ತು ಫ್ಲೋಯಂ ಇವೆರಡಕ್ಕೂ ಇದೇ ವಿಧಾನ ಹೊಂದುತ್ತದೆ.

ಮೂರನೆಯ ಹೆಜ್ಜೆ: ರಕ್ತದ ಹಾದಿಗೆ ಹರಿವಿನ ನಕ್ಷೆ

ಇಮ್ಮಡಿ ಪರಿಚಲನೆಯ ನಕ್ಷೆಯನ್ನು ಹೃದಯದ ಆಕಾರದಲ್ಲಿ ಬರೆಯದೆ ಇಂಗ್ಲಿಷಿನ 8ರ ಅಂಕಿಯ ಆಕಾರದಲ್ಲಿ ಬರೆಯಿರಿ. ಮೇಲಿನ ಸುತ್ತು ಶ್ವಾಸಕೋಶದ್ದು, ಕೆಳಗಿನ ಸುತ್ತು ದೇಹದ್ದು, ಎರಡು ಸುತ್ತುಗಳು ಕೂಡುವ ನಡುಭಾಗ ಹೃದಯ. ಈಗ ಕೆಳಗಿನ ತುದಿಯಿಂದ ಹೊರಟು ಹತ್ತು ನಿಲ್ದಾಣಗಳನ್ನು ಬರೆಯುತ್ತಾ ಹೋಗಿ:

ದೇಹದ ಲೋಮನಾಳ → ಮಹಾಭಿಧಮನಿ → ಬಲ ಹೃತ್ಕರ್ಣ → ಬಲ ಹೃತ್ಕುಕ್ಷಿ → ಪುಪ್ಫುಸ ಅಪಧಮನಿ → ಶ್ವಾಸಕೋಶದ ಲೋಮನಾಳ → ಪುಪ್ಫುಸ ಅಭಿಧಮನಿ → ಎಡ ಹೃತ್ಕರ್ಣ → ಎಡ ಹೃತ್ಕುಕ್ಷಿ → ಮಹಾಪಧಮನಿ → (ಮತ್ತೆ ದೇಹದ ಲೋಮನಾಳ)

ಈ ಹತ್ತನ್ನು ಒಮ್ಮೆ ನಿಧಾನವಾಗಿ ನೋಡಿ. ಮೊದಲ ಐದು ನಿಲ್ದಾಣಗಳು ಲೋಮನಾಳ, ಅಭಿಧಮನಿ, ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ. ಮುಂದಿನ ಐದೂ ಅದೇ ಕ್ರಮದಲ್ಲಿ ಲೋಮನಾಳ, ಅಭಿಧಮನಿ, ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ. ಐದು ಬಗೆಯ ನಿಲ್ದಾಣಗಳು ಎರಡು ಸಲ ಬರುತ್ತವೆ, ಕ್ರಮ ಬದಲಾಗುವುದೇ ಇಲ್ಲ. ಇಮ್ಮಡಿ ಪರಿಚಲನೆ ಎಂಬ ಹೆಸರಿನ ಅರ್ಥ ಹಾಳೆಯ ಮೇಲೆ ಹೀಗೆ ಕಾಣಿಸುತ್ತದೆ. ಪುಸ್ತಕ ನೋಡದೆ ಬರೆದ ನಕ್ಷೆ ಸರಿಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಐದರ ಸರಣಿ ಎಲ್ಲಿ ಮುರಿದಿದೆಯೋ ಅಲ್ಲೇ ತಪ್ಪಿದೆ. ಹೃತ್ಕರ್ಣದ ನಂತರ ಅಪಧಮನಿ ಬಂದಿದ್ದರೆ ನಡುವಿನ ಹೃತ್ಕುಕ್ಷಿ ಬಿಟ್ಟುಹೋಗಿದೆ ಎಂದರ್ಥ.

ಮಕ್ಕಳು ಅತಿ ಹೆಚ್ಚು ಮಾಡುವ ತಪ್ಪು ಇನ್ನೊಂದಿದೆ. ಹೃದಯ, ಶ್ವಾಸಕೋಶ, ದೇಹ, ಮತ್ತೆ ಹೃದಯ ಎಂದು ಒಂದೇ ಸುತ್ತು ಬರೆಯುತ್ತಾರೆ. ಅದನ್ನು ನಾನು ಅಳಿಸಲು ಹೇಳುವುದಿಲ್ಲ. ‘ಶ್ವಾಸಕೋಶ’ ಎಂದಿರುವಲ್ಲಿ ‘ಕಿವಿರು’ ಎಂದು ಬದಲಿಸಿದರೆ ಅದು ಮೀನಿನ ಪರಿಚಲನೆಗೆ ಸರಿಯಾದ ನಕ್ಷೆ. ಮೀನಿನ ಎರಡು ಕೋಣೆಗಳ ಹೃದಯದಿಂದ ರಕ್ತ ಕಿವಿರಿಗೆ ಹೋಗಿ, ಅಲ್ಲಿ ಆಕ್ಸಿಜನ್ ಪಡೆದು, ಹೃದಯಕ್ಕೆ ಮರಳದೆ ನೇರವಾಗಿ ದೇಹಕ್ಕೆ ಹೋಗುತ್ತದೆ. ಎರಡು ನಕ್ಷೆಗಳನ್ನೂ ಅಕ್ಕಪಕ್ಕ ಇಟ್ಟಾಗ ಹಕ್ಕಿಗಳಿಗೂ ಸಸ್ತನಿಗಳಿಗೂ ನಾಲ್ಕು ಕೋಣೆಗಳ ಹೃದಯ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕಂತೆಯೇ. ದೇಹದ ಉಷ್ಣತೆಯನ್ನು ಕಾಯ್ದುಕೊಳ್ಳಲು ಹೆಚ್ಚು ಶಕ್ತಿ ಬೇಕು, ಅದಕ್ಕೆ ಆಕ್ಸಿಜನ್ ಹೆಚ್ಚು ಬೇಕು, ಆಕ್ಸಿಜನ್‌ಯುಕ್ತ ಮತ್ತು ಆಕ್ಸಿಜನ್‌ರಹಿತ ರಕ್ತ ಬೆರೆಯಬಾರದು.

ಎಡ ಬಲಗಳ ಗೊಂದಲವನ್ನು ಮೊದಲೇ ತೀರಿಸಿಕೊಳ್ಳಿ. ಪುಸ್ತಕದ ಚಿತ್ರದಲ್ಲಿ ಹೃದಯವಿರುವುದು ನಮಗೆ ಎದುರಾಗಿ ನಿಂತ ವ್ಯಕ್ತಿಯದ್ದು, ಆದ್ದರಿಂದ ಹಾಳೆಯ ಎಡಗಡೆ ಕಾಣುವುದು ಹೃದಯದ ಬಲಭಾಗ. ನಕ್ಷೆಯ ಮೇಲ್ಗಡೆ ಎರಡೂ ಬದಿಗಳಲ್ಲಿ ‘ಬಲ’, ‘ಎಡ’ ಎಂದು ಬರೆದುಕೊಂಡ ಮೇಲೆಯೇ ಮೊದಲ ಬಾಣ ಎಳೆಯಬೇಕು.

ನಾಲ್ಕನೆಯ ಹೆಜ್ಜೆ: ಪರಿಕಲ್ಪನಾ ನಕ್ಷೆ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1972ರ ಸುಮಾರಿಗೆ ಈ ವಿಧಾನವನ್ನು ರೂಪಿಸಿದರು. ವಿಜ್ಞಾನದ ಬಗ್ಗೆ ಮಕ್ಕಳ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ಅವರು ಅಧ್ಯಯನ ಮಾಡುತ್ತಿದ್ದರು, ಸಂದರ್ಶನಗಳ ರಾಶಿಯಲ್ಲಿ ಆ ಬದಲಾವಣೆಯನ್ನು ಹಿಡಿಯುವುದು ಕಷ್ಟವಾದಾಗ ಮಕ್ಕಳು ಹೇಳಿದ್ದನ್ನು ನಕ್ಷೆಯಾಗಿ ಬರೆಯತೊಡಗಿದರು. ಅಂದರೆ ತಲೆಯೊಳಗೆ ಏನಿದೆ ಎಂದು ತೋರಿಸುವುದೇ ಇದರ ಮೂಲ ಉದ್ದೇಶ. ಪುನರಾವರ್ತನೆಗೂ ಅದೇ ಗುಣ ಬೇಕಾದದ್ದು.

ಇದರ ರಚನೆ ಸರಳ. ಪೆಟ್ಟಿಗೆಯೊಳಗೆ ಪರಿಕಲ್ಪನೆ, ಎರಡು ಪೆಟ್ಟಿಗೆಗಳ ನಡುವೆ ಬಾಣ, ಬಾಣದ ಮೇಲೆ ಕೊಂಡಿಪದ. ಪೆಟ್ಟಿಗೆ, ಕೊಂಡಿಪದ, ಪೆಟ್ಟಿಗೆ ಇವನ್ನು ಓದಿದರೆ ಒಂದು ಪೂರ್ಣ ಹೇಳಿಕೆಯಾಗಬೇಕು, ಆ ಹೇಳಿಕೆ ಸರಿ ಅಥವಾ ತಪ್ಪು ಎಂದು ಹೇಳುವಂತಿರಬೇಕು. ಕೊಂಡಿಪದವಿಲ್ಲದ ಗೆರೆ ಏನನ್ನೂ ಹೇಳುವುದಿಲ್ಲ. ‘ರಕ್ತ’ ಮತ್ತು ‘ಆಕ್ಸಿಜನ್’ ನಡುವೆ ಬರೀ ಗೆರೆ ಎಳೆದವನು ತಪ್ಪು ಮಾಡಿಲ್ಲ ನಿಜ, ಆದರೆ ಸರಿಯನ್ನೂ ಹೇಳಿಲ್ಲ.

ಕನ್ನಡದ ಕೊಂಡಿಪದ

ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ತೊಡಕು ಬರುತ್ತದೆ. ಈ ನಕ್ಷೆಯ ವಿನ್ಯಾಸ ಕ್ರಿಯಾಪದ ನಡುವೆ ಬರುವ ಇಂಗ್ಲಿಷಿಗೆ ತಕ್ಕಂತಿದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಜೊತೆಗೆ ಪದಗಳಿಗೆ ವಿಭಕ್ತಿ ಪ್ರತ್ಯಯ ಬೇರೆ ಹತ್ತುತ್ತದೆ. ‘ಹಿಮೋಗ್ಲೋಬಿನ್ – ಒಯ್ಯುತ್ತದೆ – ಆಕ್ಸಿಜನ್’ ಎಂದು ಬರೆದರೆ ಅದು ವಾಕ್ಯವಾಗುವುದಿಲ್ಲ, ಯಾವುದು ಯಾವುದನ್ನು ಒಯ್ಯುತ್ತದೆ ಎಂಬುದೇ ಅನುಮಾನ. ಹೀಗಾಗಿ ಮಕ್ಕಳು ಕೊಂಡಿಪದ ಬರೆಯುವುದನ್ನೇ ಬಿಟ್ಟು ಬರೀ ಗೆರೆ ಎಳೆಯುತ್ತಾರೆ.

ಇದಕ್ಕೆ ಪರಿಹಾರ ನಮ್ಮ ಮಾತಿನಲ್ಲೇ ಇದೆ. ‘ಅವನು ಹೇಳಿದ್ದು ಸುಳ್ಳು’, ‘ನಾನು ಹೊರಟಿರುವುದು ಊರಿಗೆ’ ಎನ್ನುತ್ತೇವಲ್ಲ, ಅದೇ ಧಾಟಿಯಲ್ಲಿ ಕೊಂಡಿಪದವನ್ನು ‘-ವುದು’ ಎಂದು ಮುಗಿಸಿದರೆ ಎರಡನೆಯ ಪದ ಸಹಜವಾಗಿ ಕೊನೆಗೆ ಬರುತ್ತದೆ. ‘ಹಿಮೋಗ್ಲೋಬಿನ್ – ಒಯ್ಯುವುದು – ಆಕ್ಸಿಜನ್ ಅನ್ನು’. ‘ಅನಿಲ ವಿನಿಮಯ – ನಡೆಯುವುದು – ಗಾಳಿಗೂಡಿನಲ್ಲಿ’. ‘ಲ್ಯಾಕ್ಟಿಕ್ ಆಮ್ಲ – ಉಂಟಾಗುವುದು – ಪೈರುವೇಟ್‌ನಿಂದ’. ಪೆಟ್ಟಿಗೆಯೊಳಗೆ ಪದವನ್ನು ಪ್ರತ್ಯಯವಿಲ್ಲದೆ ಬರೆದು, ಬಾಣದ ತುದಿಯ ಬಳಿ ‘ಅನ್ನು’, ‘ಇಂದ’, ‘ಗೆ’, ‘ಅಲ್ಲಿ’ ಎಂದು ಪ್ರತ್ಯಯವನ್ನು ಸಣ್ಣದಾಗಿ ಬರೆದರೆ ಒಂದೇ ಪೆಟ್ಟಿಗೆಗೆ ಎಷ್ಟು ಬಾಣಗಳು ಬಂದರೂ ತೊಂದರೆಯಿಲ್ಲ. ಈ ಪ್ರತ್ಯಯ ಬರೀ ವ್ಯಾಕರಣದ ಅಲಂಕಾರವಲ್ಲ. ‘ಇಂದ’ ಬರೆಯುವುದೋ ‘ಗೆ’ ಬರೆಯುವುದೋ ಎಂದು ಮಗು ತಡವರಿಸಿದರೆ, ರಕ್ತ ಆ ನಾಳದಿಂದ ಬರುತ್ತಿದೆಯೋ ಆ ನಾಳಕ್ಕೆ ಹೋಗುತ್ತಿದೆಯೋ ಅದಕ್ಕೆ ಗೊತ್ತಿಲ್ಲ ಎಂದೇ ಅರ್ಥ.

ಒಂದು ನಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆಯುವುದು

ನಕ್ಷೆಗೆ ಶೀರ್ಷಿಕೆಯ ಬದಲು ಪ್ರಶ್ನೆ ಇರಲಿ. ‘ಉಸಿರಾಟ’ ಎಂಬ ಶೀರ್ಷಿಕೆ ಕೊಟ್ಟರೆ ಗೊತ್ತಿರುವುದೆಲ್ಲವೂ ಅದರೊಳಗೆ ಬಂದು ಬೀಳುತ್ತದೆ, ಪ್ರಶ್ನೆ ಇದ್ದರೆ ಯಾವುದು ಬೇಕು ಯಾವುದು ಬೇಡ ಎಂದು ತೀರ್ಮಾನಿಸಬಹುದು. ನಮ್ಮ ಪ್ರಶ್ನೆ ಹೀಗಿರಲಿ: ಗಾಳಿಗೂಡಿಗೆ ಬಂದ ಆಕ್ಸಿಜನ್ ಓಡುತ್ತಿರುವವನ ಕಾಲಿನ ಸ್ನಾಯುಕೋಶವನ್ನು ಹೇಗೆ ತಲುಪುತ್ತದೆ, ಅಲ್ಲಿ ಅದರಿಂದ ಏನಾಗುತ್ತದೆ? ಈ ಪ್ರಶ್ನೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಇದಕ್ಕೆ ಉಸಿರಾಟದ ಭಾಗವೊಂದರಿಂದಲೇ ಉತ್ತರ ಸಿಗುವುದಿಲ್ಲ, ಸಾಗಾಣಿಕೆಯ ಭಾಗಕ್ಕೆ ಹೋಗಲೇಬೇಕು.

ಈಗ ಪುಸ್ತಕ ಮುಚ್ಚಿ, ಉತ್ತರಕ್ಕೆ ಬೇಕೆನಿಸುವ ಪದಗಳನ್ನು ಚೀಟಿಗೊಂದರಂತೆ ಬರೆಯಿರಿ. ನೊವಾಕ್ ಅವರ ಸಲಹೆ ಒಂದು ನಕ್ಷೆಗೆ 15ರಿಂದ 25 ಪದಗಳು. ನಮ್ಮ ಪಟ್ಟಿಯಲ್ಲಿ 16 ಇವೆ: ಆಕ್ಸಿಜನ್, ಗಾಳಿಗೂಡು, ಲೋಮನಾಳ, ಕೆಂಪು ರಕ್ತಕಣ, ಹಿಮೋಗ್ಲೋಬಿನ್, ಪುಪ್ಫುಸ ಅಭಿಧಮನಿ, ಹೃದಯದ ಎಡಭಾಗ, ಮಹಾಪಧಮನಿ, ಸ್ನಾಯುಕೋಶ, ಗ್ಲುಕೋಸ್, ಪೈರುವೇಟ್, ಮೈಟೊಕಾಂಡ್ರಿಯ, ಎಟಿಪಿ, ಕಾರ್ಬನ್ ಡೈಆಕ್ಸೈಡ್, ಪ್ಲಾಸ್ಮಾ, ಲ್ಯಾಕ್ಟಿಕ್ ಆಮ್ಲ. ಮೂಗು, ಧ್ವನಿಪೆಟ್ಟಿಗೆ, ವಪೆ ಇವೆಲ್ಲ ನೆನಪಿಗೆ ಬಂದರೂ ಪ್ರಶ್ನೆ ಗಾಳಿಗೂಡಿನಿಂದ ಶುರುವಾಗುವುದರಿಂದ ಅವಕ್ಕೆ ಇಲ್ಲಿ ಜಾಗವಿಲ್ಲ.

ಚೀಟಿಗಳನ್ನು ಕ್ಯಾಲೆಂಡರ್ ಹಾಳೆಯ ಮೇಲೆ ಜೋಡಿಸಿ, ಅಂಟಿಸಬೇಡಿ. ಮೇಲೆ ಆಕ್ಸಿಜನ್ ಮತ್ತು ಗಾಳಿಗೂಡು, ನಡುವೆ ಸಾಗಾಣಿಕೆಯ ಪದಗಳು, ಕೆಳಗೆ ಸ್ನಾಯುಕೋಶದೊಳಗಿನವು. ನಂತರ ಒಂದೊಂದೇ ಹೇಳಿಕೆಯನ್ನು ಗಟ್ಟಿಯಾಗಿ ಹೇಳುತ್ತಾ ಬಾಣ ಎಳೆಯಿರಿ.

ಆಕ್ಸಿಜನ್ – ಗಾಳಿಗೂಡಿನ ತೆಳುಗೋಡೆ ದಾಟಿ ಸೇರುವುದು → ಲೋಮನಾಳ (ಅನ್ನು)
ಆಕ್ಸಿಜನ್ – ಕೂಡಿಕೊಳ್ಳುವುದು → ಹಿಮೋಗ್ಲೋಬಿನ್ (ಜೊತೆ)
ಹಿಮೋಗ್ಲೋಬಿನ್ – ಇರುವುದು → ಕೆಂಪು ರಕ್ತಕಣ (ದಲ್ಲಿ)
ಪುಪ್ಫುಸ ಅಭಿಧಮನಿ – ರಕ್ತವನ್ನು ತಲುಪಿಸುವುದು → ಹೃದಯದ ಎಡಭಾಗ (ಕ್ಕೆ)
ಹೃದಯದ ಎಡಭಾಗ – ರಕ್ತವನ್ನು ನೂಕುವುದು → ಮಹಾಪಧಮನಿ (ಗೆ)

ಇಲ್ಲಿಗೆ ಬರುವಷ್ಟರಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಮಹಾಪಧಮನಿಯಿಂದ ರಕ್ತ ಸ್ನಾಯುವಿನ ಲೋಮನಾಳಕ್ಕೆ ಹೋಗಬೇಕು, ಆದರೆ ‘ಲೋಮನಾಳ’ದ ಚೀಟಿ ಆಗಲೇ ಗಾಳಿಗೂಡಿನ ಪಕ್ಕ ಕುಳಿತಿದೆ. ಬಾಣವನ್ನು ಅದಕ್ಕೇ ಎಳೆದರೆ ರಕ್ತ ಮತ್ತೆ ಶ್ವಾಸಕೋಶಕ್ಕೆ ಹೋದಂತಾಗುತ್ತದೆ. ಆದ್ದರಿಂದ ಆ ಚೀಟಿಯನ್ನು ‘ಶ್ವಾಸಕೋಶದ ಲೋಮನಾಳ’, ‘ಸ್ನಾಯುವಿನ ಲೋಮನಾಳ’ ಎಂದು ಎರಡು ಮಾಡಬೇಕಾಯಿತು, ಪದಗಳು 17 ಆದವು. ಚೀಟಿಗಳನ್ನು ಅಂಟಿಸಬಾರದು ಎಂದದ್ದು ಇದಕ್ಕೇ. ಒಂದೇ ಹೆಸರಿನ ಎರಡು ರಚನೆಗಳಲ್ಲಿ ಒಂದು ಆಕ್ಸಿಜನ್ ತುಂಬಿಕೊಳ್ಳುತ್ತದೆ, ಇನ್ನೊಂದು ಬಿಟ್ಟುಕೊಡುತ್ತದೆ ಎಂಬುದು ಬರೀ ಓದಿನಲ್ಲಿ ಗಮನಕ್ಕೆ ಬಾರದೆ ಜಾರಿಹೋಗುತ್ತದೆ.

ಸ್ನಾಯುಕೋಶದೊಳಗಿನ ಭಾಗ ಹೀಗೆ ಮುಂದುವರಿಯುತ್ತದೆ.

ಗ್ಲುಕೋಸ್ – ಕೋಶದ್ರವ್ಯದಲ್ಲಿ ಒಡೆದು ಆಗುವುದು → ಪೈರುವೇಟ್
ಪೈರುವೇಟ್ – ಆಕ್ಸಿಜನ್ ಇದ್ದಾಗ ವಿಭಜನೆಯಾಗುವುದು → ಮೈಟೊಕಾಂಡ್ರಿಯ (ದಲ್ಲಿ)
ಪೈರುವೇಟ್ – ಆಕ್ಸಿಜನ್ ಸಾಲದಾದಾಗ ಮಾರ್ಪಡುವುದು → ಲ್ಯಾಕ್ಟಿಕ್ ಆಮ್ಲ (ವಾಗಿ)
ಮೈಟೊಕಾಂಡ್ರಿಯ – ಹೆಚ್ಚಿನ ಪ್ರಮಾಣದಲ್ಲಿ ತಯಾರಿಸುವುದು → ಎಟಿಪಿ (ಯನ್ನು)
ಮೈಟೊಕಾಂಡ್ರಿಯ – ಹೊರಬಿಡುವುದು → ಕಾರ್ಬನ್ ಡೈಆಕ್ಸೈಡ್ (ಅನ್ನು)

ಆರು ಕಾರ್ಬನ್‌ಗಳ ಗ್ಲುಕೋಸ್ ಮೂರು ಕಾರ್ಬನ್‌ಗಳ ಪೈರುವೇಟ್ ಆಗಿ ಒಡೆಯುವ ಮೊದಲ ಬಾಣದ ಮೇಲೆ ‘ಆಕ್ಸಿಜನ್’ ಎಂಬ ಪದವಿಲ್ಲ ಎಂಬುದನ್ನು ಗಮನಿಸಿ. ಆ ಹಂತಕ್ಕೆ ಆಕ್ಸಿಜನ್ ಬೇಕಿಲ್ಲ. ಕವಲೊಡೆಯುವುದು ಪೈರುವೇಟ್‌ನ ನಂತರವೇ. ಎಷ್ಟೋ ಮಕ್ಕಳು ಗ್ಲುಕೋಸ್‌ನಿಂದಲೇ ಎರಡು ಕವಲು ಬರೆಯುತ್ತಾರೆ. ಹಾಗೆ ಬರೆದರೆ ವಾಯುವಿಕ ಮತ್ತು ಅವಾಯುವಿಕ ಉಸಿರಾಟಗಳು ಮೊದಲಿನಿಂದಲೇ ಬೇರೆ ಬೇರೆ ಎಂದಾಗುತ್ತದೆ, ಅದು ತಪ್ಪು.

ಕೊನೆಗೆ ಅಡ್ಡಕೊಂಡಿಗಳು. ಹಾಳೆಯ ಒಂದು ಭಾಗದ ಪದವನ್ನು ದೂರದ ಇನ್ನೊಂದು ಭಾಗದ ಪದಕ್ಕೆ ಸೇರಿಸುವ ಬಾಣವೇ ಅಡ್ಡಕೊಂಡಿ, ಅದನ್ನು ಚುಕ್ಕಿಗೆರೆಯಲ್ಲಿ ಎಳೆಯಿರಿ. ಇಲ್ಲಿ ಎರಡು ಸಾಕು. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಆಕ್ಸಿಜನ್‌ಗಿಂತ ಚೆನ್ನಾಗಿ ಕರಗುತ್ತದೆ, ಅದು ‘ಬಹುಪಾಲು ಬೈಕಾರ್ಬನೇಟ್ ಆಗಿ ಕರಗಿದ ರೂಪದಲ್ಲಿ ಸಾಗುವುದು ಪ್ಲಾಸ್ಮಾದಲ್ಲಿ’, ಅಲ್ಲಿಂದ ‘ಹೊರಬೀಳುವುದು ಗಾಳಿಗೂಡಿಗೆ’. ಈ ಚುಕ್ಕಿಗೆರೆ ಹಾಳೆಯ ಕೆಳತುದಿಯಿಂದ ಮೇಲ್ತುದಿಗೆ ಹೋಗಿ ಇಡೀ ನಕ್ಷೆಯನ್ನು ಒಂದು ಸುತ್ತಿಗೆ ತರುತ್ತದೆ. ಇನ್ನೊಂದು, ಗ್ಲುಕೋಸ್ ಚೀಟಿಯಿಂದ ಹಾಳೆಯ ಅಂಚಿಗೆ ಎಳೆದು ‘ಬರುವುದು ಸಣ್ಣ ಕರುಳಿನ ವಿಲ್ಲೈಗಳಿಂದ, ಪೋಷಣೆ ನೋಡಿ’ ಎಂದು ಬರೆದ ಗೆರೆ. ಮುಂದೆ ಪೋಷಣೆಯ ನಕ್ಷೆ ಬರೆದಾಗ ಎರಡು ಹಾಳೆಗಳನ್ನೂ ಇಲ್ಲೇ ಜೋಡಿಸಬಹುದು.

ಐದನೆಯ ಹೆಜ್ಜೆ: ಪುಸ್ತಕ ಮುಚ್ಚಿಯೇ ಬರೆಯುವುದು

ಪುಸ್ತಕ ತೆರೆದಿಟ್ಟುಕೊಂಡು ನಕ್ಷೆ ಬರೆಯುವುದು ಹಿತವಾದ ಕೆಲಸ, ಎರಡು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಫಲ ಮಾತ್ರ ಅಷ್ಟಕ್ಕಷ್ಟೇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆಫ್ರಿ ಕಾರ್ಪಿಕಿ ಮತ್ತು ಜನೆಲ್ ಬ್ಲಂಟ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿಜ್ಞಾನದ ಪಠ್ಯವೊಂದನ್ನು ವಿದ್ಯಾರ್ಥಿಗಳ ಒಂದು ಗುಂಪು ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆಯಿತು, ಇನ್ನೊಂದು ಗುಂಪು ಓದಿ, ಪಠ್ಯವನ್ನು ಪಕ್ಕಕ್ಕಿಟ್ಟು, ನೆನಪಿನಿಂದ ಬರೆಯಿತು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ನೆನಪಿನಿಂದ ಬರೆದವರೇ ಮುಂದಿದ್ದರು. ಇದನ್ನು ಕೇಳಿ ಪರಿಕಲ್ಪನಾ ನಕ್ಷೆಯೇ ವ್ಯರ್ಥ ಎನ್ನುವವರಿದ್ದಾರೆ, ನನಗೆ ಹಾಗೆ ತೋರುವುದಿಲ್ಲ. ಅದೇ ಇಬ್ಬರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಪಠ್ಯ ನೋಡದೆ ನೆನಪಿನಿಂದ ಬರೆದ ನಕ್ಷೆ, ನೆನಪಿನಿಂದ ಬರೆದ ಪ್ಯಾರಾದಂತೆಯೇ ಫಲ ಕೊಟ್ಟಿತು. ತೊಡಕಿದ್ದದ್ದು ನಕ್ಷೆಯಲ್ಲಲ್ಲ, ತೆರೆದ ಪುಸ್ತಕದಲ್ಲಿ.

ಆದ್ದರಿಂದ ಪ್ರತಿ ನಕ್ಷೆಯನ್ನೂ ಮೂರು ಸುತ್ತುಗಳಲ್ಲಿ ಬರೆಯಬೇಕು. ಮೊದಲ ದಿನ ಪಠ್ಯವನ್ನು ಓದಿ, ಮುಚ್ಚಿ, ಚೀಟಿಗಳಿಂದ ನಕ್ಷೆ ಬರೆಯಿರಿ. ಸಿಕ್ಕಿಕೊಂಡ ಜಾಗದಲ್ಲಿ ಪುಸ್ತಕ ತೆಗೆಯದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಕ್ಕೆ ಹೋಗಿ. ಎಲ್ಲ ಮುಗಿದ ಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಿಂದ ತಿದ್ದಿ. ಪೆನ್ಸಿಲಿನ ತಪ್ಪನ್ನು ಅಳಿಸಬೇಡಿ, ಅದರ ಮೇಲೆಯೇ ಕೆಂಪಿನಲ್ಲಿ ಸರಿಯಾದದ್ದನ್ನು ಬರೆಯಿರಿ. ಮೂರು ದಿನ ಬಿಟ್ಟು ಹೊಸ ಹಾಳೆಯ ಮೇಲೆ ಅದೇ ಪ್ರಶ್ನೆಗೆ ಮತ್ತೆ ಬರೆಯಿರಿ, ಈ ಸಲ ಚೀಟಿಗಳಿಲ್ಲದೆ. ಮತ್ತೊಂದು ವಾರ ಕಳೆದ ಮೇಲೆ ಮೂರನೆಯ ಸಲ. ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೆಂಪು ಬಿದ್ದಿರುವುದು ಕಾಣುತ್ತದೆ, ಪರೀಕ್ಷೆಯ ಹಿಂದಿನ ದಿನ ಓದಬೇಕಾದದ್ದು ಆ ಜಾಗವನ್ನಷ್ಟೇ.

ಮೂರನೆಯ ಸಲಕ್ಕೆ ಹೊತ್ತಿಲ್ಲದಿದ್ದರೆ, ಸರಿಪಡಿಸಿದ ನಕ್ಷೆಯ ಜೆರಾಕ್ಸ್ ಮಾಡಿಸಿ ಅದರಲ್ಲಿ ಕೊಂಡಿಪದಗಳಿಗೆ ಮಾತ್ರ ವೈಟ್ನರ್ ಹಚ್ಚಿ ಖಾಲಿ ಬಿಡಿ. ಪೆಟ್ಟಿಗೆಗಳನ್ನು ಖಾಲಿ ಬಿಟ್ಟರೆ ಹೆಸರುಗಳು ಮಾತ್ರ ನೆನಪಾಗುತ್ತವೆ, ಕೊಂಡಿಗಳನ್ನು ಖಾಲಿ ಬಿಟ್ಟರೆ ಸಂಬಂಧಗಳನ್ನೇ ನೆನೆಯಬೇಕಾಗುತ್ತದೆ.

ತಪ್ಪಿದ ನಕ್ಷೆಯನ್ನು ಗುರುತಿಸುವುದು

ಬರೆದು ಮುಗಿದ ಮೇಲೆ ಕೊಂಡಿಪದಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಓದಿ. ‘ಹೊಂದಿರುವುದು’, ‘ಒಳಗೊಂಡಿರುವುದು’, ‘ಇರುವುದು’ ಇವೇ ಅರ್ಧಕ್ಕಿಂತ ಹೆಚ್ಚಿದ್ದರೆ ಆ ನಕ್ಷೆ ಅಂಗರಚನೆಯ ಪಟ್ಟಿಯಾಗಿದೆ, ಅದರಲ್ಲಿ ಜೀವಕ್ರಿಯೆ ಇಲ್ಲ. ಅಂತಹ ಪ್ರತಿಯೊಂದು ಕೊಂಡಿಯ ಬಳಿಯೂ ‘ಇದ್ದು ಏನು ಮಾಡುತ್ತದೆ’ ಎಂದು ಕೇಳಿ ಕ್ರಿಯಾಪದವನ್ನು ಬದಲಿಸಬೇಕು. ‘ನೆಫ್ರಾನ್ ಹೊಂದಿರುವುದು ಗ್ಲೋಮೆರುಲಸ್ ಅನ್ನು’ ಎಂಬುದು ‘ಗ್ಲೋಮೆರುಲಸ್ ರಕ್ತವನ್ನು ಸೋಸಿ ಕಳಿಸುವುದು ಬೌಮನ್ ಕೋಶಕ್ಕೆ’ ಎಂದಾಗುತ್ತದೆ.

ಎರಡನೆಯ ಲಕ್ಷಣ, ಎಲ್ಲ ಬಾಣಗಳೂ ನಡುವಿನ ಒಂದೇ ಪೆಟ್ಟಿಗೆಯಿಂದ ಹೊರಟು ಜೇಡನ ಕಾಲುಗಳಂತೆ ಹರಡಿರುವುದು. ಹೊರಗಿನ ಪೆಟ್ಟಿಗೆಗಳ ನಡುವೆ ಒಂದೂ ಬಾಣ ಇಲ್ಲದಿದ್ದರೆ ಅದು ಪಟ್ಟಿಯನ್ನೇ ಸುತ್ತಲೂ ಬರೆದಂತೆ. ಮೂರನೆಯದು, ಪೆಟ್ಟಿಗೆಯೊಳಗೆ ಇಡೀ ವಾಕ್ಯಗಳು. ಪುಸ್ತಕದ ಸಾಲನ್ನು ಹಾಗೆಯೇ ಎತ್ತಿಕೊಂಡಿದ್ದರ ಗುರುತು ಅದು.

ನಕ್ಷೆಯಿಂದ ಉತ್ತರಕ್ಕೆ

ಪರೀಕ್ಷೆಯಲ್ಲಿ ಬರೆಯಬೇಕಾದದ್ದು ವಾಕ್ಯಗಳನ್ನು. ‘ಓಡುವಾಗ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಏಕೆ ಉಂಟಾಗುತ್ತದೆ’ ಎಂಬ ಪ್ರಶ್ನೆ ಬಂದರೆ ನಕ್ಷೆಯಲ್ಲಿ ‘ಲ್ಯಾಕ್ಟಿಕ್ ಆಮ್ಲ’ದ ಪೆಟ್ಟಿಗೆಯಿಂದ ಬಾಣಗಳನ್ನು ಹಿಂದಕ್ಕೆ ಅನುಸರಿಸಿ ಗ್ಲುಕೋಸ್‌ವರೆಗೆ ಹೋಗಿ, ಅಲ್ಲಿಂದ ಮುಂದಕ್ಕೆ ಬರೆಯುತ್ತಾ ಬನ್ನಿ. ಕೋಶದ್ರವ್ಯದಲ್ಲಿ ಗ್ಲುಕೋಸ್ ಪೈರುವೇಟ್ ಆಗಿ ಒಡೆಯುತ್ತದೆ. ಬಿರುಸಾಗಿ ಕೆಲಸ ಮಾಡುವ ಸ್ನಾಯುವಿಗೆ ಆಕ್ಸಿಜನ್ ಸಾಲದಾಗುತ್ತದೆ. ಆಗ ಪೈರುವೇಟ್ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಎರಡು ಬಾಣಗಳೂ ಒಂದು ಷರತ್ತೂ ಸೇರಿ ಮೂರು ವಾಕ್ಯಗಳಾದವು. ಬರೆಯುವಾಗ ‘-ವುದು’ ರೂಪವನ್ನು ‘-ತ್ತದೆ’ ಎಂದು ಬದಲಿಸಿದರಾಯಿತು.

ನಕ್ಷೆಯಿಂದ ಆಗದ ಕೆಲಸಗಳೂ ಈ ಅಧ್ಯಾಯದಲ್ಲಿವೆ. ಹೃದಯದ ನೀಳಸೀಳಿಕೆ, ನೆಫ್ರಾನ್, ಜೀರ್ಣಾಂಗವ್ಯೂಹ ಇವುಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಕೈಗೆ ಬೇರೆಯೇ ಅಭ್ಯಾಸ, ಅದನ್ನು ಬರೆದೇ ಕಲಿಯಬೇಕು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಸರಿದೂಗಿಸುವುದೂ ಹಾಗೆಯೇ. ಪ್ರಮಾಣಗಳೂ ಬಾಣಗಳ ಮೇಲೆ ನಿಲ್ಲುವುದಿಲ್ಲ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಹೊರಹೋಗುವ ಮೂತ್ರ ಒಂದೆರಡು ಲೀಟರ್ ಮಾತ್ರ. ಈ ಎರಡು ಅಂಕಿಗಳನ್ನು ವಿಸರ್ಜನೆಯ ನಕ್ಷೆಯಲ್ಲಿ ನೆಫ್ರಾನಿನ ನಾಳದ ಎರಡು ತುದಿಗಳಲ್ಲಿ ಬರೆದು, ನಡುವೆ ‘ಮರುಹೀರಿಕೆ’ ಎಂಬ ಪದದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇಡಿ. ಉಳಿದ ನೀರೆಲ್ಲ ಎಲ್ಲಿಗೆ ಹೋಯಿತು ಎಂಬುದೇ ಆ ನಕ್ಷೆಯ ಪ್ರಶ್ನೆಯಾಗಲಿ.